ಬೋರ್ಡ್ ಬರೆಸುವ ಮುನ್ನ ಒಂದು ಪತ್ರ

‘ಹತ್ತಡಿಗೆ ಮೂರಡಿ ಬೋರ್ಡ್ ಮಾಡಿಕೊಡಿ’ ಎಂದು ಫೋನಿನಲ್ಲಿ ಹೇಳಿದರೆ ಅದು ಅರ್ಧ ಅಳತೆ ಮಾತ್ರ. ಹತ್ತಡಿ ಎಂದರೆ ಚೌಕಟ್ಟು ಸೇರಿಯೋ, ಬಿಟ್ಟೋ? ಫ್ಲೆಕ್ಸ್ ಬೋರ್ಡಿನಲ್ಲಿ ಬಟ್ಟೆಯ ಅಂಚನ್ನು ಕಬ್ಬಿಣದ ಫ್ರೇಮಿನ ಹಿಂದಕ್ಕೆ ಮಡಚಿ ಎಳೆದು ಕಟ್ಟುತ್ತಾರೆ. ಆ ಮಡಿಕೆಗೆ ಬೇರೆ ಜಾಗ ಬಿಡದೆ ಮುದ್ರಿಸಿದರೆ ಹೆಸರಿನ ಕೊನೆಯ ಅಕ್ಷರ ಹಿಂದಕ್ಕೆ ಹೋಗುತ್ತದೆ.

ಕಿರಾಣಿ ಅಂಗಡಿಯೊಂದನ್ನು ಊಹಿಸಿಕೊಳ್ಳೋಣ. ಎರಡು ಕಂಬಗಳ ನಡುವೆ 10 ಅಡಿ 2 ಇಂಚು ಜಾಗ. ಅಂಗಡಿಯವರ ಪತ್ರ ಹೀಗಿರಬಹುದು:

‘ನಮಸ್ಕಾರ. ಫ್ರೇಮಿನ ಹೊರ ಅಳತೆ ಅಗಲ 10 ಅಡಿ, ಎತ್ತರ 3 ಅಡಿ. ಮಡಚಲು ಸುತ್ತ 4 ಇಂಚು ಹೆಚ್ಚು ಫ್ಲೆಕ್ಸ್ ಇರಲಿ. ಕಾಣುವ ಭಾಗದಲ್ಲೂ ನಾಲ್ಕೂ ಕಡೆ 4 ಇಂಚು ಖಾಲಿ ಬಿಡಿ, ಅಲ್ಲಿ ಯಾವ ಅಕ್ಷರವೂ ಬರಬಾರದು. ಬೋರ್ಡಿನ ಕೆಳ ಅಂಚು ಹೊಸ್ತಿಲಿನಿಂದ 8 ಅಡಿ 4 ಇಂಚು ಎತ್ತರಕ್ಕೆ ಬರಲಿ. ರಸ್ತೆಯಿಂದ ಅಳೆಯಬೇಡಿ.’

ಅಂಚು ಬಿಟ್ಟ ಮೇಲೆ ಎತ್ತರದಲ್ಲಿ ಬರೆಯಲು ಉಳಿಯುವುದು 28 ಇಂಚು. ಕರ್ನಾಟಕದಲ್ಲಿ 2024ರ ತಿದ್ದುಪಡಿ ಕಾಯ್ದೆಯಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಹಾಗಾಗಿ ಕನ್ನಡದ ಸಾಲಿಗೆ 17 ಇಂಚು. ಆದರೆ 17 ಇಂಚಿನ ಅಕ್ಷರ ಬರೆಯಲಾಗದು. ‘ಶ್ರೀ’, ‘ಸ್ಟೋರ್ಸ್’ ಎಂದು ಬರೆದಾಗ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇಳುತ್ತದೆ. ಕೆಳಗೆ 5, ಮೇಲೆ 3 ಇಂಚು ಬಿಟ್ಟರೆ ಅಕ್ಷರದ ಮೈಗೆ 9 ಇಂಚು ಸಿಗುತ್ತದೆ. ಇದನ್ನು ಪತ್ರದಲ್ಲಿ ಬರೆಯದಿದ್ದರೆ, ಇಂಗ್ಲಿಷ್ ಸಾಲಿಗೆ ಹೊಂದಿಸಿದ ಅಚ್ಚಿನಲ್ಲೇ ಕನ್ನಡವನ್ನು ಕೂರಿಸುತ್ತಾರೆ. ಆಗ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ, ಇಲ್ಲವೇ ಇಡೀ ಹೆಸರೇ ಕುಗ್ಗುತ್ತದೆ. ಕನ್ನಡದ ಬೋರ್ಡ್ ಕೆಡುವುದು ಹೆಚ್ಚಾಗಿ ಇಲ್ಲೇ ಎಂಬುದು ನನ್ನ ಅನಿಸಿಕೆ.

ಒಂದು ಇಂಚು ಎತ್ತರದ ಅಕ್ಷರವನ್ನು ಸುಮಾರು ಹತ್ತಡಿ ದೂರದಿಂದ ಸಲೀಸಾಗಿ ಓದಬಹುದು ಎಂಬುದು ಈ ಕಸುಬಿನ ರೂಢಿಯ ಲೆಕ್ಕ. 9 ಇಂಚಿನ ಹೆಸರು 90 ಅಡಿಯಾಚೆಯ ಸ್ಕೂಟರ್ ಸವಾರನಿಗೂ ಎಟಕುತ್ತದೆ. ಉಳಿದ 11 ಇಂಚಿನಲ್ಲಿ 3 ಇಂಚು ಖಾಲಿ, 4 ಇಂಚಿನ ಇಂಗ್ಲಿಷ್ ಹೆಸರು, ಮತ್ತೆ 2 ಇಂಚು ಖಾಲಿ, ಕೊನೆಗೆ 2 ಇಂಚಿನ ವಿಳಾಸ. ವಿಳಾಸ 20 ಅಡಿಗೆ ಕಂಡರೆ ಸಾಕು, ಅದನ್ನು ಓದುವವರು ಆಗಲೇ ಅಂಗಡಿಯ ಮುಂದೆ ನಿಂತಿರುತ್ತಾರೆ.

ಇನ್ನು ಎತ್ತರ. ರಸ್ತೆ ಹೊಸ್ತಿಲಿಗಿಂತ ಒಂದೂವರೆ ಅಡಿ ಕೆಳಗಿದೆ ಎಂದುಕೊಳ್ಳಿ. ಏಣಿ ಹತ್ತುವ ಹುಡುಗ ರಸ್ತೆಯಿಂದ ಟೇಪು ಹಿಡಿದರೆ ಬೋರ್ಡ್ ಅಷ್ಟೇ ಕೆಳಗಿಳಿದು, 8 ಅಡಿಯ ಶಟರಿನ ಬಾಯಿಗೆ ಅಡ್ಡ ಬರುತ್ತದೆ. ಹೊಸ್ತಿಲಿನಿಂದ ಅಳೆದರೆ ಶಟರಿನ ಮೇಲೆ 4 ಇಂಚು ತೆರವು ಉಳಿಯುತ್ತದೆ. ಬೋರ್ಡಿನ ತಲೆ 11 ಅಡಿ 4 ಇಂಚಿಗೆ ನಿಲ್ಲುತ್ತದೆ. 12 ಅಡಿಯಲ್ಲಿ ಸಜ್ಜಾ ಇದ್ದರೆ ನಡುವಿನ 8 ಇಂಚಿನಲ್ಲಿ ಕೈ ಹಾಕಿ ಮೊಳೆ ಬಿಗಿಯಬಹುದು. ಶಟರಿನ ಸುರುಳಿ ಬೋರ್ಡಿನ ಹಿಂದೆಯೇ ಇದ್ದರೆ ಪತ್ರಕ್ಕೆ ಇನ್ನೊಂದು ಸಾಲು ಸೇರಿಸಬೇಕು: ‘ಸ್ಪ್ರಿಂಗ್ ರಿಪೇರಿಗೆ ಬಿಚ್ಚುವಂತೆ ಬೋರ್ಡನ್ನು ಬೋಲ್ಟಿನಲ್ಲಿ ಕೂರಿಸಿ, ವೆಲ್ಡಿಂಗ್ ಬೇಡ.’