ಅಂಕ ಬಿದ್ದದ್ದು ಯಾವುದಕ್ಕೆ?

ಪ್ರಬಂಧಕ್ಕೆ 20ಕ್ಕೆ 14 ಅಂಕ ಬಂದಿದೆ ಎಂದರೆ ಆ 14 ಏನನ್ನು ಹೇಳುತ್ತದೆ? ವಿದ್ಯಾರ್ಥಿಯ ಆಲೋಚನೆಯನ್ನೇ, ಭಾಷೆಯನ್ನೇ, ಅಕ್ಷರದ ಅಂದವನ್ನೇ, ಅಥವಾ ಎಷ್ಟು ಪುಟ ತುಂಬಿಸಿದ್ದಾನೆ ಎಂಬುದನ್ನೇ? ಪುಟ ತುಂಬಿಸಿದರೆ ಅಂಕ ತಾನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮ ಹಾಸ್ಟೆಲುಗಳಲ್ಲಿ ಬಹಳ ಹಳೆಯದು. ಮೌಲ್ಯಮಾಪಕರು ಇದನ್ನು ಒಪ್ಪುವುದಿಲ್ಲ. ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿ ಮುಂದೆ ಇರುವಾಗ ಪುಟ ಎಣಿಸಿ ಅಂಕ ಕೊಡುವ ಪ್ರಶ್ನೆಯೇ ಇಲ್ಲ ಎನ್ನುತ್ತಾರೆ.

ಈ ಪಟ್ಟಿಗೆ ಶಿಕ್ಷಣ ಕ್ಷೇತ್ರದಲ್ಲಿ ಈಗ ‘ರೂಬ್ರಿಕ್’ ಎಂಬ ಹೆಸರು ರೂಢಿಯಲ್ಲಿದೆ. ಲ್ಯಾಟಿನ್ ಭಾಷೆಯಲ್ಲಿ ಇದರ ಮೂಲ ಪದಕ್ಕೆ ಕೆಮ್ಮಣ್ಣು ಎಂದು ಅರ್ಥ. ಯೂರೋಪಿನ ಹಳೆಯ ಹಸ್ತಪ್ರತಿಗಳಲ್ಲಿ ಶೀರ್ಷಿಕೆ, ಸೂಚನೆಗಳನ್ನು ಕೆಂಪು ಬಣ್ಣದಲ್ಲಿ ಬರೆಯುತ್ತಿದ್ದರು. ಸೂಚನೆ ಎಂಬ ಅರ್ಥ ಹಾಗೆ ಬಂತು. ಮೇಷ್ಟರ ಕೆಂಪು ಶಾಯಿಗೂ ಇದಕ್ಕೂ ನಂಟು ಕಾಣುವುದು ಕಾಕತಾಳೀಯವಾದರೂ ಸೊಗಸಾಗಿದೆ.

ರೂಬ್ರಿಕ್‌ಗೆ ಎರಡು ಪ್ರಶ್ನೆ ಕೇಳಬೇಕು. ಒಂದೇ ಉತ್ತರಕ್ಕೆ ಇಬ್ಬರು ಮೌಲ್ಯಮಾಪಕರು ಹೆಚ್ಚುಕಡಿಮೆ ಒಂದೇ ಅಂಕ ಕೊಡುತ್ತಾರೆಯೇ ಎಂಬುದು ಮೊದಲನೆಯದು. ಬಿ.ಎಡ್. ಪಠ್ಯಗಳು ಇದನ್ನು ವಿಶ್ವಸನೀಯತೆ ಎನ್ನುತ್ತವೆ. ಅವರಿಬ್ಬರೂ ಒಪ್ಪಿ ಅಳೆದದ್ದು ನಾವು ಅಳೆಯಬೇಕೆಂದಿದ್ದ ಸಾಮರ್ಥ್ಯವನ್ನೇ ಹೌದೇ ಎಂಬುದು ಎರಡನೆಯದು. ಇದು ಸಪ್ರಮಾಣತೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿದರೆ ಎರಡನೆಯದಕ್ಕೂ ಸಿಕ್ಕಿತು ಎಂದು ಭಾವಿಸುವುದು ಈ ವಿಷಯದಲ್ಲಿ ಆಗುವ ದೊಡ್ಡ ತಪ್ಪು. ಅಮೆರಿಕದ ಒಂದು ಪರೀಕ್ಷೆಯ ಕತೆ ಇದನ್ನು ಚೆನ್ನಾಗಿ ತೋರಿಸುತ್ತದೆ.

ಕತೆಯ ಪೂರ್ವಾರ್ಧ 1961ರದು. ಪಾಲ್ ಡೀಡೆರಿಕ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ 300 ಪ್ರಬಂಧಗಳನ್ನು 53 ಮಂದಿ ಓದುಗರಿಗೆ ಕೊಟ್ಟರು. ಅವರಲ್ಲಿ ಇಂಗ್ಲಿಷ್ ಅಧ್ಯಾಪಕರಿದ್ದರು, ವಿಜ್ಞಾನಿಗಳಿದ್ದರು, ವಕೀಲರು, ಸಂಪಾದಕರು, ವ್ಯಾಪಾರಸ್ಥರೂ ಇದ್ದರು. ಯಾವ ಮಾನದಂಡವನ್ನೂ ಹೇಳದೆ, ಗುಣಕ್ಕೆ ತಕ್ಕಂತೆ ಒಂಬತ್ತು ದರ್ಜೆಗಳಾಗಿ ವಿಂಗಡಿಸಿ ಎಂದಷ್ಟೇ ತಿಳಿಸಿದರು. 101 ಪ್ರಬಂಧಗಳಿಗೆ ಒಂಬತ್ತೂ ದರ್ಜೆಗಳು ಬಂದವು. ಒಬ್ಬರಿಗೆ ಅತ್ಯುತ್ತಮವಾಗಿ ಕಂಡದ್ದು ಇನ್ನೊಬ್ಬರಿಗೆ ತೀರಾ ಕಳಪೆಯಾಗಿ ಕಂಡಿತ್ತು! ಕಾರಣ ಹುಡುಕಿದಾಗ ತಿಳಿದದ್ದೆಂದರೆ, ಕೆಲವರು ವಿಚಾರಕ್ಕೆ ಅಂಕ ಕೊಡುತ್ತಿದ್ದರು, ಕೆಲವರು ಕಾಗುಣಿತ ಮತ್ತು ವ್ಯಾಕರಣಕ್ಕೆ, ಮತ್ತೆ ಕೆಲವರು ಜೋಡಣೆಗೆ ಅಥವಾ ಪದಗಳ ಆಯ್ಕೆಗೆ. ಮಾನದಂಡವನ್ನು ಬರೆದಿಟ್ಟು ಓದುಗರಿಗೆ ತರಬೇತಿ ಕೊಡುವ ಪದ್ಧತಿ ಬಲವಾಗಲು ಇಂಥ ಅನುಭವಗಳೇ ಕಾರಣ. ಪದ್ಧತಿ ಫಲ ಕೊಟ್ಟಿತು. ತರಬೇತಾದ ಓದುಗರ ಅಂಕಗಳು ಹತ್ತಿರ ಹತ್ತಿರ ಬರತೊಡಗಿದವು.

ಆದರೆ ಎಲ್ಲರೂ ಒಪ್ಪಿದ್ದು ಯಾವುದನ್ನು?

2005ರ ಮಾರ್ಚಿನಲ್ಲಿ ಅಮೆರಿಕದ ಕಾಲೇಜ್ ಬೋರ್ಡ್ ತನ್ನ ಎಸ್.ಎ.ಟಿ. ಪ್ರವೇಶ ಪರೀಕ್ಷೆಗೆ 25 ನಿಮಿಷದ ಪ್ರಬಂಧವೊಂದನ್ನು ಸೇರಿಸಿತು. ಅಮೆರಿಕದಲ್ಲಿ ಪದವಿ ಓದಲು ಹೊರಟ ಬೆಂಗಳೂರಿನ ಮಕ್ಕಳೂ ಬರೆಯುವ ಪರೀಕ್ಷೆ ಇದು. ಇಬ್ಬರು ಓದುಗರು ತಲಾ 1ರಿಂದ 6ರವರೆಗೆ ಅಂಕ ಕೊಡಬೇಕು. ದೃಷ್ಟಿಕೋನ, ವಿಮರ್ಶಾತ್ಮಕ ಆಲೋಚನೆ, ಉದಾಹರಣೆಗಳ ಸಮರ್ಪಕತೆ, ಜೋಡಣೆ, ಪದಸಂಪತ್ತು, ವಾಕ್ಯರಚನೆ ಎಲ್ಲವೂ ರೂಬ್ರಿಕ್‌ನಲ್ಲಿದ್ದವು. ಉದ್ದದ ಮಾತು ಮಾತ್ರ ಇರಲಿಲ್ಲ.

ಎಂ.ಐ.ಟಿ. ಸಂಸ್ಥೆಯಲ್ಲಿ ಬರವಣಿಗೆ ವಿಭಾಗದ ನಿರ್ದೇಶಕರಾಗಿದ್ದ ಲೆಸ್ ಪೆರೆಲ್ಮನ್ ಅವರು ಕಾಲೇಜ್ ಬೋರ್ಡ್ ಪ್ರಕಟಿಸಿದ್ದ ಮಾದರಿ ಪ್ರಬಂಧಗಳನ್ನು ತೆಗೆದುಕೊಂಡು ಪದಗಳನ್ನು ಎಣಿಸಿದರು. ಸುಮಾರು 100 ಪದಗಳ ಪ್ರಬಂಧಗಳಿಗೆ 1 ಅಂಕ ಬಿದ್ದಿತ್ತು, 400 ಪದಗಳವುಗಳಿಗೆ 6. ಓದದೆ, ಉದ್ದ ನೋಡಿಯೇ ಅಂಕ ಹಾಕಿದ್ದರೂ ಶೇಕಡ 90ಕ್ಕಿಂತ ಹೆಚ್ಚು ಸಲ ಸರಿಯಾಗುತ್ತಿತ್ತು ಎಂದು ಅವರು ಹೇಳಿದರು. ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿತ್ತು. ಪೂರ್ಣಾಂಕ ಪಡೆದ ಒಂದು ಪ್ರಬಂಧದಲ್ಲಿ ಅಮೆರಿಕದ ಅಂತರ್ಯುದ್ಧಕ್ಕೆ ನಾಂದಿಯಾದ ಫೋರ್ಟ್ ಸಮ್ಟರ್ ದಾಳಿ 1862ರಲ್ಲಿ ನಡೆಯಿತೆಂದು ಬರೆದಿತ್ತು. ನಡೆದದ್ದು 1861ರ ಏಪ್ರಿಲ್‌ನಲ್ಲಿ. ಇದು ಓದುಗರ ಕಣ್ತಪ್ಪೇನೂ ಅಲ್ಲ. ಸಂಗತಿಯ ತಪ್ಪಿಗೆ ಅಂಕ ಕಳೆಯಬೇಡಿ ಎಂದು ಅವರಿಗೆ ಮೊದಲೇ ಸೂಚನೆ ಇತ್ತು.

ಸಪ್ರಮಾಣತೆ ಕೆಡುವುದು ಎರಡು ದಾರಿಯಲ್ಲಿ ಎಂದು ಸ್ಯಾಮ್ಯುಯೆಲ್ ಮೆಸಿಕ್ ಎಂಬ ವಿದ್ವಾಂಸರು 1989ರಲ್ಲಿ ವಿವರಿಸಿದ್ದರು. ಸೇರಬಾರದ್ದು ಅಂಕದಲ್ಲಿ ಸೇರುವುದು ಒಂದು, ಸೇರಬೇಕಾದದ್ದು ಬಿಟ್ಟುಹೋಗುವುದು ಇನ್ನೊಂದು. ಎಸ್.ಎ.ಟಿ. ಪ್ರಬಂಧದ ಮೇಲೆ ಎರಡೂ ಆರೋಪಗಳು ಒಟ್ಟಿಗೇ ಬಂದವು. ಉದ್ದ ಒಳನುಸುಳಿದೆ, ಸತ್ಯಾಸತ್ಯ ಹೊರಗುಳಿದಿದೆ.

ಕಾಲೇಜ್ ಬೋರ್ಡ್‌ನ ಕಡೆಯವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ವಿಷಯವನ್ನು ಚೆನ್ನಾಗಿ ಬೆಳೆಸಬಲ್ಲವರು ಸಹಜವಾಗಿ ಹೆಚ್ಚು ಬರೆಯುತ್ತಾರೆ. ಆದ್ದರಿಂದ ಉದ್ದವೂ ಅಂಕವೂ ಜೊತೆಯಾಗಿ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಪೆರೆಲ್ಮನ್ ನೋಡಿದ್ದು ಪ್ರತಿ ದರ್ಜೆಯನ್ನೂ ಸ್ಪಷ್ಟವಾಗಿ ತೋರಿಸಲೆಂದೇ ಆಯ್ದ ಮಾದರಿಗಳನ್ನು. ಸಾಮಾನ್ಯ ಉತ್ತರಗಳ ರಾಶಿಯಲ್ಲಿ ನಂಟು ಅಷ್ಟು ಬಿಗಿಯಾಗಿ ಇರಲಾರದು ಎಂದು ಈ ಲೇಖಕನಿಗೆ ತೋರುತ್ತದೆ. 2008ರಲ್ಲಿ ಕಾಲೇಜ್ ಬೋರ್ಡ್ ತನ್ನದೇ ಅಧ್ಯಯನ ಪ್ರಕಟಿಸಿ, ಕಾಲೇಜಿನ ಮೊದಲ ವರ್ಷದ ಫಲಿತಾಂಶವನ್ನು ಮುಂಚಿತವಾಗಿ ಅಂದಾಜು ಮಾಡುವುದರಲ್ಲಿ ಮೂರು ವಿಭಾಗಗಳ ಪೈಕಿ ಬರವಣಿಗೆಯೇ ಮುಂದು ಎಂದಿತು. ನಿಜ, ಆದರೆ ಆ ವಿಭಾಗದಲ್ಲಿ ಪ್ರಬಂಧದ ಪಾಲು ಮೂರರಲ್ಲಿ ಒಂದರಷ್ಟೂ ಇರಲಿಲ್ಲ. ಉಳಿದದ್ದು ಬಹು ಆಯ್ಕೆಯ ಪ್ರಶ್ನೆಗಳು, ಅಂದಾಜಿನ ಬಲ ಬಂದದ್ದೂ ಹೆಚ್ಚಾಗಿ ಅವುಗಳಿಂದಲೇ.

ಹಾಗಾದರೆ ಉದ್ದಕ್ಕೇ ಅಂಕ ಬಿತ್ತೇ, ಉದ್ದದ ಜೊತೆಗಿದ್ದ ಗುಣಕ್ಕೆ ಬಿತ್ತೇ ಎಂದು ತೀರ್ಮಾನಿಸುವುದು ಹೇಗೆ? ಪದ ಎಣಿಸುತ್ತ ಕುಳಿತರೆ ಇದು ಬಗೆಹರಿಯದು. ಎರಡನ್ನೂ ಬೇರ್ಪಡಿಸಿ ನೋಡಬೇಕು. ಅದಕ್ಕೆ ದೊಡ್ಡ ಸಂಸ್ಥೆಯೇನೂ ಬೇಕಿಲ್ಲ, ಒಂದು ತಾಲ್ಲೂಕಿನ ಅಧ್ಯಾಪಕರು ಮನಸ್ಸು ಮಾಡಿದರೆ ಸಾಕು.

ಊರ ಕೆರೆಯನ್ನು ಉಳಿಸಿಕೊಳ್ಳುವ ಬಗೆ ಎಂಬ ವಿಷಯದ ಮೇಲೆ ಪ್ರೌಢಶಾಲೆಗಳಿಗೆ ಪ್ರಬಂಧ ಸ್ಪರ್ಧೆ ನಡೆದಿದೆ ಎಂದು ಇಟ್ಟುಕೊಳ್ಳೋಣ. ರೂಬ್ರಿಕ್‌ನಲ್ಲಿ ವಾದ, ಆಧಾರ, ಜೋಡಣೆ, ಭಾಷೆ ಎಂದು ನಾಲ್ಕು ಅಂಕಣಗಳಿವೆ, ತಲಾ 5 ಅಂಕ. ಮೊದಲ ಕೆಲಸವೆಂದರೆ ಏನನ್ನು ಅಳೆಯುತ್ತಿದ್ದೇವೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳುವುದು: ‘ತನ್ನ ಅಭಿಪ್ರಾಯವನ್ನು ಆಧಾರ ಕೊಟ್ಟು ಸಮರ್ಥಿಸಬಲ್ಲ ಸಾಮರ್ಥ್ಯ.’ ಈ ವಾಕ್ಯವಿಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಬಂದ ಪ್ರಬಂಧಗಳಲ್ಲಿ ಮಧ್ಯಮ ದರ್ಜೆಯ, ಸುಮಾರು 200 ಪದಗಳ 10 ಪ್ರಬಂಧಗಳನ್ನು ಆರಿಸಿಕೊಳ್ಳಿ. ಪ್ರತಿಯೊಂದಕ್ಕೂ ಮೂರು ಪ್ರತಿಗಳು ಬೇಕು. ಮೊದಲನೆಯದು ಇದ್ದ ಹಾಗೆಯೇ. ಎರಡನೆಯದರಲ್ಲಿ ಹೊಸ ವಿಚಾರ ಒಂದನ್ನೂ ಸೇರಿಸದೆ, ಹೇಳಿದ್ದನ್ನೇ ತಿರುಗಿಸಿ ಹೇಳಿ 350 ಪದಗಳಿಗೆ ಎಳೆಯಬೇಕು. ಮೂರನೆಯದರಲ್ಲಿ ಉದ್ದ ಹಾಗೆಯೇ ಇದ್ದು, ಹೂಳಿನ ಲೆಕ್ಕ, ಒತ್ತುವರಿಯ ಉದಾಹರಣೆ ಮುಂತಾದ ಆಧಾರಗಳೆಲ್ಲ ಹೋಗಿ, ಆ ಜಾಗದಲ್ಲಿ ಕೆರೆ ನಮ್ಮ ಜೀವನಾಡಿ ಎಂಬಂಥ ಇಂಪಾದ ಮಾತುಗಳು ಬರಬೇಕು. ಅಷ್ಟನ್ನೂ ಒಬ್ಬರ ಕೈಯಲ್ಲೇ ನಕಲು ಮಾಡಿಸಬೇಕು. ಇಲ್ಲವಾದರೆ ಅಕ್ಷರದ ಅಂದ ನಡುವೆ ಬಂದು ಲೆಕ್ಕ ಕೆಡಿಸುತ್ತದೆ. ಇವನ್ನು ಉಳಿದ ಪ್ರಬಂಧಗಳೊಳಗೆ ಬೆರೆಸಿ ಮೌಲ್ಯಮಾಪಕರ ಮೂರು ಗುಂಪುಗಳಿಗೆ ಹಂಚಬೇಕು. ಒಂದೇ ಪ್ರಬಂಧದ ಎರಡು ಪ್ರತಿಗಳು ಒಬ್ಬರ ಕೈಗೆ ಹೋಗಬಾರದು. ಯಾವುದಾದರೂ ಒಂದು ಗುಂಪು ಕಟ್ಟುನಿಟ್ಟಿನದಾಗಿದ್ದರೆ ಅದರ ಪರಿಣಾಮ ಮೂರು ಬಗೆಯ ಪ್ರತಿಗಳ ಮೇಲೂ ಸಮನಾಗಿ ಬೀಳುವಂತೆ ಹಂಚಿಕೆಯನ್ನು ಸರದಿಯಂತೆ ಬದಲಿಸುತ್ತ ಹೋಗಬೇಕು.

ಮೂಲ ಪ್ರತಿಗಳ ಸರಾಸರಿ 12, ಎಳೆದ ಪ್ರತಿಗಳದು 14, ಆಧಾರ ಕಿತ್ತ ಪ್ರತಿಗಳದು 12 ಎಂದು ಬಂದಿತೆನ್ನಿ. ಎಳೆದದ್ದಕ್ಕೆ 2 ಅಂಕ ಹೆಚ್ಚು ಸಿಕ್ಕಿದೆ, ಆಧಾರ ಕಿತ್ತದ್ದಕ್ಕೆ ಒಂದೂ ಕಡಿಮೆಯಾಗಿಲ್ಲ. ಮೆಸಿಕ್ ಹೇಳಿದ ಎರಡೂ ರೋಗಗಳು ಇಲ್ಲಿವೆ. ಮೌಲ್ಯಮಾಪಕರು ಪರಸ್ಪರ ಎಷ್ಟೇ ಒಪ್ಪಿರಲಿ, ಈ ಅಂಕಗಳನ್ನು ನಂಬುವಂತಿಲ್ಲ. ಸರಾಸರಿಯೊಂದನ್ನೇ ನೋಡಿ ನಿಲ್ಲಬಾರದು ಎಂಬ ಎಚ್ಚರಿಕೆಯೂ ಬೇಕು. 10ರಲ್ಲಿ 6 ಪ್ರಬಂಧಗಳಲ್ಲಿ ಮಾತ್ರ ಎಳೆದ ಪ್ರತಿ ಮೇಲಾಗಿದ್ದರೆ ಅದು ನಾಣ್ಯ ಚಿಮ್ಮಿದಂತೆ. 6 ಅಥವಾ ಅದಕ್ಕಿಂತ ಹೆಚ್ಚು ಸಲ ರಾಜ ಬೀಳುವುದು 100ಕ್ಕೆ 38 ಬಾರಿ ಆಗುವಂಥದು. 10ರಲ್ಲಿ 9ರಲ್ಲಿ ಹಾಗಾಗಿದ್ದರೆ ಆಕಸ್ಮಿಕ ಎನ್ನಲಾಗದು. ಅಂಥದು 100ಕ್ಕೆ ಒಂದು ಬಾರಿ ಆದೀತು.

ಆಮೇಲೆ ಅಂಕಣಗಳನ್ನು ಬಿಡಿಬಿಡಿಯಾಗಿ ನೋಡಬೇಕು. ಆಧಾರ ಕಿತ್ತ ಪ್ರತಿಯಲ್ಲಿ ಆಧಾರದ ಅಂಕಣವಾದರೂ ಕುಸಿಯಲೇಬೇಕಿತ್ತಲ್ಲವೇ? ಅದೂ 3ರಲ್ಲೇ ನಿಂತಿದ್ದರೆ ಮೌಲ್ಯಮಾಪಕರು ಮೊದಲು ಒಟ್ಟಾರೆ ಅಭಿಪ್ರಾಯ ಮಾಡಿಕೊಂಡು, ಅದನ್ನೇ ನಾಲ್ಕು ಮನೆಗಳಿಗೆ ಹಂಚುತ್ತಿದ್ದಾರೆ ಎಂದು ತಿಳಿಯಬೇಕು. ಇದು ಹಳೆಯ ಚಾಳಿ. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಅವರು ಸೇನಾಧಿಕಾರಿಗಳ ಬಗ್ಗೆ ಮೇಲಧಿಕಾರಿಗಳು ಕೊಟ್ಟ ಅಂಕಗಳನ್ನು ಪರಿಶೀಲಿಸಿದಾಗ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಎಲ್ಲವೂ ನಂಬಲಾರದಷ್ಟು ಒಟ್ಟಿಗೇ ಏರಿಳಿಯುತ್ತಿದ್ದುದನ್ನು ಕಂಡರು. ಮೌಲ್ಯಮಾಪಕರಲ್ಲಿ ಇಬ್ಬರು ಮೂವರನ್ನು ಕೂರಿಸಿ, ಓದುತ್ತ ಓದುತ್ತ ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳಿ ಎಂದು ಕೇಳಿದರೆ ಕಾರಣ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ಪರವಾಗಿಲ್ಲ, ತುಂಬಾ ಬರೆದಿದ್ದಾನೆ’ ಎಂಬ ಮಾತು ಮೇಲಿಂದ ಮೇಲೆ ಕೇಳಿಬಂದರೆ ಬೇರೆ ಪುರಾವೆ ಬೇಕಿಲ್ಲ.

ಚಿಕಿತ್ಸೆ ಸಾಮಾನ್ಯವಾಗಿ ರೂಬ್ರಿಕ್‌ನ ಪದಗಳಲ್ಲೇ ಇರುತ್ತದೆ. ‘ಸಾಕಷ್ಟು ಆಧಾರ ಕೊಟ್ಟಿದ್ದಾನೆ’ ಎಂಬ ಸಾಲಿನಲ್ಲಿ ‘ಸಾಕಷ್ಟು’ ಎಂಬುದು ಉದ್ದಕ್ಕೆ ಬಾಗಿಲು ತೆರೆದಿಡುವ ಪದ. ‘ಪ್ರತಿ ಮುಖ್ಯ ಮಾತಿಗೂ ಓದುಗ ಪರಿಶೀಲಿಸಬಹುದಾದ ಒಂದು ಕಾರಣ ಕೊಟ್ಟಿದ್ದಾನೆ’ ಎಂದು ತಿದ್ದಿದರೆ ಸ್ವಲ್ಪ ಬಿಗಿಯಾಗುತ್ತದೆ. ಹಾಗೆಂದು ‘ಮೂರು ಅಂಕಿಅಂಶ ಇರಬೇಕು’ ಎಂದು ಎಣಿಕೆಗೆ ಇಳಿಸಿದರೆ ಮಕ್ಕಳು ಮೂರು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಎಸ್.ಎ.ಟಿ.ಯಲ್ಲಿ ಇಂಥದ್ದೇ ನಡೆದಿತ್ತು. ಉದ್ದವಾಗಿ ಬರೆಯಿರಿ, ದೊಡ್ಡ ಪದಗಳನ್ನು ಹಾಕಿ, ಉದಾಹರಣೆ ಸುಳ್ಳಾದರೂ ಚಿಂತೆಯಿಲ್ಲ ಎಂದು ಪೆರೆಲ್ಮನ್ ಅವರೇ ಕೆಲವು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟು ಮತ್ತೆ ಪರೀಕ್ಷೆಗೆ ಕಳಿಸಿದಾಗ ಬಹುತೇಕ ಎಲ್ಲರ ಅಂಕವೂ ಏರಿತು. ಸಾಮರ್ಥ್ಯ ಹೆಚ್ಚಿಸದೆ ಅಂಕ ಮಾತ್ರ ಹೆಚ್ಚಿಸಬಲ್ಲ ಪಾಠವೊಂದು ಇದ್ದರೆ ಅದೂ ಸಪ್ರಮಾಣತೆಗೆ ಒಂದು ಪರೀಕ್ಷೆಯೇ, ಬಹುಶಃ ಎಲ್ಲಕ್ಕಿಂತ ಕಠಿಣವಾದದ್ದು.

ತಿದ್ದಿದ ರೂಬ್ರಿಕ್ಕನ್ನು ಹೊಸ ಪ್ರಬಂಧಗಳ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ. ಕೆರೆಯ ವಿಷಯಕ್ಕೆ ಸರಿಹೊಂದಿದ್ದು ಕತೆ ಬರೆಯುವ ಸ್ಪರ್ಧೆಗೆ ಹೊಂದಲಾರದು, ಹತ್ತನೆಯ ತರಗತಿಗೆ ಹೊಂದಿದ್ದು ಏಳನೆಯದಕ್ಕೆ ಹೊಂದಲಾರದು.

ಕಾಲೇಜ್ ಬೋರ್ಡ್ 2016ರಲ್ಲಿ ಪ್ರಬಂಧವನ್ನು ಐಚ್ಛಿಕಗೊಳಿಸಿ 50 ನಿಮಿಷಕ್ಕೆ ವಿಸ್ತರಿಸಿತು. ಒಂದು ಗದ್ಯಭಾಗ ಕೊಟ್ಟು ಅದರ ವಾದವನ್ನು ವಿಶ್ಲೇಷಿಸಲು ಕೇಳಿದ್ದರಿಂದ, ಬರೆದದ್ದು ಸರಿಯೋ ತಪ್ಪೋ ಎಂದು ಓದುಗರು ತಾಳೆ ನೋಡುವುದು ಸಾಧ್ಯವಾಯಿತು. ಒಂದೇ ಅಂಕದ ಬದಲು ಓದು, ವಿಶ್ಲೇಷಣೆ, ಬರವಣಿಗೆ ಎಂದು ಮೂರು ಪ್ರತ್ಯೇಕ ಅಂಕಗಳು ಬಂದವು. 2021ರಲ್ಲಿ ಆ ಪ್ರಬಂಧವನ್ನೂ ಸಾಮಾನ್ಯ ಪರೀಕ್ಷೆಯಿಂದ ಕೈಬಿಡಲಾಯಿತು.