ನಿಮಗಿದು ಗೊತ್ತೆ? ಮೈಲೇಜ್ ಲೆಕ್ಕಕ್ಕೆ ಮೊದಲ ಟ್ಯಾಂಕ್ ಸೇರದು!

ಕಾರಿನ ಮೈಲೇಜ್ ತಿಳಿಯಲು ಬಂಕ್ ರಸೀದಿಗಳನ್ನೆಲ್ಲ ಕೂಡಿಸುವವರು ಸಾಮಾನ್ಯವಾಗಿ ಎಡವುವುದು ಮೊದಲ ರಸೀದಿಯಲ್ಲೇ. ಅಂದು ಟ್ಯಾಂಕ್ ಫುಲ್ ಮಾಡಿಸಿ ಓಡೋಮೀಟರ್ ಅಂಕಿ ಬರೆದುಕೊಂಡರೆ ಸಾಕು. ಆ ಪೆಟ್ರೋಲ್ ಲೆಕ್ಕಕ್ಕಿಲ್ಲ. ಅದರ ನಂತರ ಹಾಕಿಸಿದ ಲೀಟರ್‌ಗಳೇ ಓಡಿದ ದೂರಕ್ಕೆ ಖರ್ಚಾದದ್ದು.

ಉದಾಹರಣೆಗೆ, ಆರಂಭದಲ್ಲಿ ಓಡೋಮೀಟರ್ 24,000. ಮುಂದಿನ ತಿಂಗಳುಗಳಲ್ಲಿ 30, 32, 28, 35 ಲೀಟರ್ ಹಾಕಿಸಿದ್ದೀರಿ, ಒಟ್ಟು 125. ಕೊನೆಯ ಬಾರಿ ಮತ್ತೆ ಟ್ಯಾಂಕ್ ಫುಲ್ ಆದಾಗ ಓಡೋಮೀಟರ್ 26,000. ಎರಡು ಸಾವಿರ ಕಿ.ಮೀ.ಯನ್ನು 125ರಿಂದ ಭಾಗಿಸಿದರೆ ಲೀಟರ್‌ಗೆ 16 ಕಿ.ಮೀ. ಲೀಟರ್‌ಗೆ 103 ರೂಪಾಯಿಯಂತೆ ತೆತ್ತ 12,875 ರೂಪಾಯಿಯನ್ನು ಅದೇ ದೂರಕ್ಕೆ ಹಂಚಿದರೆ ಕಿ.ಮೀ.ಗೆ ಸುಮಾರು 6 ರೂಪಾಯಿ 44 ಪೈಸೆ. ನಡುವೆ ಐನೂರು ರೂಪಾಯಿಗೆ ಹಾಕಿಸಿದ್ದರೂ ತೊಂದರೆಯಿಲ್ಲ, ಅದನ್ನೂ ಕೂಡಿಸಿ. ಶುರು ಮತ್ತು ಕೊನೆ ಮಾತ್ರ ಫುಲ್ ಇರಬೇಕು.

ಒಂದೇ ಟ್ಯಾಂಕ್ ನಂಬಬೇಡಿ. ಪಂಪಿನ ನಳಿಕೆ ಬೇಗ ಕಟ್ ಆಗಿ 30ರ ಬದಲು 28 ಲೀಟರ್ ಹಿಡಿದರೆ, 480 ಕಿ.ಮೀ. ಓಡಿದ ಇದೇ ಕಾರು 17 ದಾಟಿದಂತೆ ಕಾಣುತ್ತದೆ! 125 ಲೀಟರ್‌ನಲ್ಲಿ ಅದೇ ಎರಡು ಲೀಟರ್ ವ್ಯತ್ಯಾಸ ಕಾಲು ಕಿ.ಮೀ.ಯಷ್ಟೇ. ಅಂದಹಾಗೆ, ಇದು ಇಂಧನದ ಖರ್ಚು ಮಾತ್ರ. ವಿಮೆ, ಟೈರು, ಸರ್ವೀಸ್ ಬೇರೆ.