ಬಸ್ಸಿನಲ್ಲಿ ಕೇಳುವ ಹೃದಯದ ಪಾಠ

ಬಸ್ ಪ್ರಯಾಣದಲ್ಲಿ ಕೇಳುವ ಪುನರಾವರ್ತನೆಯ ಧ್ವನಿಪಾಠಕ್ಕೆ ಪುಸ್ತಕವನ್ನೇ ಗಟ್ಟಿಯಾಗಿ ಓದಿದರೆ ಸಾಲದು. ಪುಟ ಕಣ್ಣೆದುರು ಇದ್ದರೆ ಹಿಂದಿನ ಸಾಲಿಗೆ ಮರಳಬಹುದು. ಎಂಜಿನ್ ಸದ್ದಿನ ನಡುವೆ ಕೇಳುವಾಗ ಒಂದು ಪದ ತಪ್ಪಿದರೂ ಇಡೀ ವಾಕ್ಯ ಕೈತಪ್ಪುತ್ತದೆ. ಆದ್ದರಿಂದ ಇಲ್ಲಿ ಒಂದು ವಾಕ್ಯಕ್ಕೆ ಒಂದೇ ಸಂಗತಿ.

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಅಧ್ಯಾಯದಲ್ಲಿ ಪೋಷಣೆ, ಉಸಿರಾಟ, ಸಾಗಾಣಿಕೆ, ವಿಸರ್ಜನೆ ಎಂಬ ಭಾಗಗಳಿವೆ. ಎರಡು ಮೂರು ನಿಮಿಷದ ತುಣುಕುಗಳಿಗೆ ಈ ವಿಂಗಡಣೆಯೇ ಸಾಕು. ಸಾಗಾಣಿಕೆಯೊಳಗಿನ ಹೃದಯಕ್ಕೆ ಮಾತ್ರ ಪ್ರತ್ಯೇಕ ತುಣುಕು ಬೇಕು. ಅಲ್ಲಿನ ಪದಗಳೇ ಕಿವಿಗೆ ಮೋಸ ಮಾಡುತ್ತವೆ. ಹೃತ್ಕರ್ಣ, ಹೃತ್ಕುಕ್ಷಿ ಎರಡರ ಆರಂಭವೂ ಒಂದೇ. ಅಪಧಮನಿ, ಅಭಿಧಮನಿಗಳ ವ್ಯತ್ಯಾಸವಂತೂ ಒಂದು ಅಕ್ಷರದ್ದು. ಬಸ್ಸು ಗೇರ್ ಬದಲಿಸುವ ಸದ್ದಿಗೆ ಅದು ಮುಳುಗಿಹೋಗುತ್ತದೆ.

ಹೀಗಾಗಿ ಹೆಸರಿನ ಪಕ್ಕದಲ್ಲೇ ಕೆಲಸವನ್ನೂ ಹೇಳಬೇಕು: ‘ಮೇಲಿನ ಕೋಣೆ, ಹೃತ್ಕರ್ಣ. ಕೆಳಗಿನ ಕೋಣೆ, ಹೃತ್ಕುಕ್ಷಿ. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ. ಹೃದಯಕ್ಕೆ ಮರಳಿ ತರುವುದು ಅಭಿಧಮನಿ.’ ಅಪಧಮನಿಯಲ್ಲಿ ಹರಿಯುವುದು ಆಕ್ಸಿಜನ್ ತುಂಬಿದ ರಕ್ತ ಎಂದು ಬರೆಯುವುದು ಸುಲಭ. ಆದರೆ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಕ್ಸಿಜನ್ ಕಡಿಮೆಯಾದ ರಕ್ತವಿರುತ್ತದೆ, ಆ ಸೂತ್ರ ಅಲ್ಲಿಯೇ ಕೆಡುತ್ತದೆ. ದಿಕ್ಕನ್ನು ಹಿಡಿದು ಹೇಳಿದರೆ ಕೆಡುವುದಿಲ್ಲ.

ನಂತರ ರಕ್ತದ ದಾರಿ, ಪ್ರಶ್ನೆಗಳ ಮೂಲಕ. ‘ದೇಹದಿಂದ ಬಂದ ರಕ್ತ ಮೊದಲು ಸೇರುವುದು ಎಲ್ಲಿಗೆ?’ ಐದು ಸೆಕೆಂಡು ಮೌನ. ‘ಬಲ ಹೃತ್ಕರ್ಣಕ್ಕೆ. ಅಲ್ಲಿಂದ ಬಲ ಹೃತ್ಕುಕ್ಷಿಗೆ. ಮುಂದೆ?’ ಮತ್ತೆ ಮೌನ. ‘ಶ್ವಾಸಕೋಶಕ್ಕೆ. ಆಕ್ಸಿಜನ್ ಪಡೆದು ಎಡ ಹೃತ್ಕರ್ಣಕ್ಕೆ, ಎಡ ಹೃತ್ಕುಕ್ಷಿಗೆ, ಮಹಾಅಪಧಮನಿಯ ಮೂಲಕ ದೇಹಕ್ಕೆ.’ ಒಂದು ಸುತ್ತು ಮುಗಿಯುವುದರೊಳಗೆ ರಕ್ತ ಎರಡು ಸಲ ಹೃದಯವನ್ನು ಹಾದಿತು. ಇಮ್ಮಡಿ ಪರಿಚಲನೆ ಎಂಬ ಹೆಸರು ಬರಬೇಕಾದದ್ದು ಈಗ. ಹೆಸರು ಮೊದಲೇ ಬಂದರೆ ಅದು ಬಾಯಿಪಾಠವಾಗಿ ಉಳಿಯುತ್ತದೆ.

ಆ ಮೌನ ಬಹಳ ಕಿರಿದಾದರೆ ಉತ್ತರ ನೆನಪಿಗೆ ಬರುವ ಮುನ್ನವೇ ಕಿವಿಗೆ ಬಿದ್ದುಬಿಡುತ್ತದೆ. ಹತ್ತು ಸೆಕೆಂಡು ಮೀರಿದರೆ ಮೊಬೈಲ್ ನಿಂತಿತೆಂದು ಕೇಳುಗರು ಪರದೆ ನೋಡುತ್ತಾರೆ. ‘ಯೋಚಿಸಿ’ ಎಂಬ ಒಂದು ಮಾತು ಮೊದಲೇ ಬಂದರೆ ಆ ಗೊಂದಲವಿಲ್ಲ.

ಎಡ–ಬಲದಲ್ಲೂ ಒಂದು ತೊಡಕಿದೆ. ಪುಸ್ತಕದ ಚಿತ್ರದಲ್ಲಿ ಹೃದಯದ ಬಲಭಾಗ ಓದುಗರ ಎಡಕ್ಕಿರುತ್ತದೆ. ಧ್ವನಿಪಾಠದಲ್ಲಿ ಚಿತ್ರವೇ ಇಲ್ಲದ ಕಾರಣ, ಕೇಳುಗರ ಸ್ವಂತ ಎದೆಯ ಬಲಬದಿ ಎಂದೇ ಹೇಳಬಹುದು. ಚಿತ್ರ ಬಿಡಿಸುವುದನ್ನು ಮಾತ್ರ ಕಿವಿಯಿಂದ ಕಲಿಸಲಾಗದು. ದ್ಯುತಿಸಂಶ್ಲೇಷಣೆಯ ಸಮೀಕರಣದ ಪಾಡೂ ಅದೇ: ಅಂಕೆ, ಅಕ್ಷರಗಳ ಸಾಲು ಕೇಳಿ ನೆನಪಿನಲ್ಲಿ ನಿಲ್ಲದು. ಅವೆರಡನ್ನೂ ಸ್ಕ್ರಿಪ್ಟ್‌ನಿಂದ ಕೈಬಿಟ್ಟು, ಬಸ್ಸಿಳಿದ ಮೇಲೆ ಹಾಳೆಯ ಮೇಲೆ ಬರೆದು ನೋಡಬೇಕೆಂದು ತುಣುಕಿನ ಕೊನೆಯಲ್ಲಿ ಹೇಳಿದರೆ ಸಾಕು.